ಹಿಟ್ಟಿನ ಕಂಪನಿ ಮುಳುಗಿದ ಕಥೆ, ತಿದ್ದುಪಡಿಯೊಂದಿಗೆ

ಸತ್ತವರಿಗೆ ಹನ್ನೊಂದನೆಯ ದಿನದ ಕೆಲಸ ಇರುವ ಹಾಗೆ, ಮುಚ್ಚಿದ ಸ್ಟಾರ್ಟಪ್ಪಿಗೂ ಒಂದು ಕರ್ಮ ಇದೆ. ಅದನ್ನು ಸ್ಥಾಪಿಸಿದವರು ಲಿಂಕ್ಡ್‌ಇನ್‌ನಲ್ಲಿ ಉದ್ದದ ಪೋಸ್ಟ್ ಬರೆಯಬೇಕು. ಎಲ್ಲಿ ಎಡವಿದೆವು, ಏನು ಕಲಿತೆವು ಎಂದು ಹೇಳಬೇಕು. ಯಾರನ್ನೂ ದೂರಬಾರದು, ಅಳಬಾರದು. ನಾನು ನಾಲ್ಕು ತಿಂಗಳು ತಡ ಮಾಡಿ, ಏಪ್ರಿಲ್‌ನ ಒಂದು ಭಾನುವಾರ ಆ ಕರ್ಮ ಮುಗಿಸಿದೆ. ಮಂಗಳವಾರದ ಹೊತ್ತಿಗೆ ಅದನ್ನು ತೊಂಬತ್ತು ಸಾವಿರ ಜನ ನೋಡಿದ್ದರು.

ನನ್ನ ಹೆಸರು ಶ್ರದ್ಧಾ. ಅಪ್ಪ ಸುಂದರ ಶೆಟ್ಟರು ಕುಂದಾಪುರದ ಕಡೆಯಿಂದ ಪುಣೆಗೆ ಬಂದು, ಸ್ವಾರಗೇಟ ಬಸ್‌ಸ್ಟ್ಯಾಂಡಿನ ಹಿಂದೆ ಮೂವತ್ತೆರಡು ವರ್ಷಗಳಿಂದ ಹೋಟೆಲು ನಡೆಸುತ್ತಿದ್ದಾರೆ. ನನ್ನ ಕಂಪನಿ ಇದ್ದದ್ದು ಊರಂಚಿನ ನರ್ಹೆಯ ಒಂದು ಶೆಡ್ಡಿನಲ್ಲಿ. ಇಡ್ಲಿ ದೋಸೆ ಹಿಟ್ಟನ್ನು ಅಲ್ಲಿ ದೊಡ್ಡ ಪ್ರಮಾಣದಲ್ಲಿ ರುಬ್ಬಿ, ಹುದುಗು ಬರಿಸಿ, ತಣ್ಣಗೆ ಮಾಡಿ, ಬೆಳಗಾಗುವ ಮೊದಲೇ ಪುಣೆಯ ಹೋಟೆಲುಗಳಿಗೆ ಮುಟ್ಟಿಸುವುದು ನಮ್ಮ ಕೆಲಸ. ಯೋಚನೆ ಕೇಳಿದವರೆಲ್ಲ ಭೇಷ್ ಎಂದರು. ಕೇಳಿದವರಲ್ಲಿ ಹೆಚ್ಚಿನವರು ಅಪ್ಪನ ಗೆಳೆಯರು ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪೋಸ್ಟಿನ ಮೊದಲ ಪಾಠ ಇದೇ ಆಗಿತ್ತು. ನಮ್ಮ ಮೊದಲ ಹನ್ನೆರಡು ಗಿರಾಕಿಗಳು ಅಪ್ಪನ ಜೊತೆ ಒಂದೇ ಸಂಘದಲ್ಲಿದ್ದ ಹೋಟೆಲಿನವರು. ತಿಂಗಳು ತಿಂಗಳು ಆರ್ಡರ್ ಕೊಟ್ಟರು, ಒಂದು ದಿನವೂ ದೂರಲಿಲ್ಲ. ಹನ್ನೆರಡಕ್ಕೆ ಹನ್ನೆರಡು ಜನ ಮುಂದುವರಿದಿದ್ದಾರೆ ಎಂದು ನಾನು ಬಾನೇರಿನ ಹೂಡಿಕೆದಾರರಿಗೆ ಪರದೆಯ ಮೇಲೆ ತೋರಿಸಿದೆ. ಐದನೆಯ ತಿಂಗಳು ಒಂದು ಹೋಟೆಲಿನ ಅಡುಗೆ ಭಟ್ಟ, ಅಪ್ಪಿ ಎಂಬವನು, ಬಾಯಿ ತಪ್ಪಿ ಹೇಳಿಬಿಟ್ಟ: “ನಿಮ್ಮ ಹಿಟ್ಟ್ ಕೆಲ್ಸದವ್ರ ದೋಸೆಗೆ ಅಮ್ಮಾ. ಗಿರಾಕಿಗೆ ನಮ್ದೇ.” ವಿಚಾರಿಸಿದರೆ ಒಂಬತ್ತು ಕಡೆ ಅದೇ ಕಥೆ. ಸುಂದರಣ್ಣನ ಮಗಳಿಗೆ ಇಲ್ಲ ಎನ್ನುವುದು ಹೇಗೆ ಎಂದು ಹಿಟ್ಟು ಕೊಳ್ಳುತ್ತಿದ್ದರು, ಹಿಂದಿನ ಅಡುಗೆಮನೆಯಲ್ಲಿ ತಮ್ಮ ರುಬ್ಬುವ ಕಲ್ಲು ತಿರುಗಿಸುತ್ತಲೇ ಇದ್ದರು. ದಾಕ್ಷಿಣ್ಯವನ್ನು ನಾನು ಬೇಡಿಕೆ ಎಂದುಕೊಂಡಿದ್ದೆ.

ಎರಡನೆಯ ಪಾಠ: ಹಿಟ್ಟು ಪ್ರತಿಯೊಂದು ಹೋಟೆಲಿನ ಕುಲದೇವರಿದ್ದಂತೆ. ಒಬ್ಬರು ಮೂರು ಪಾಲು ಅಕ್ಕಿಗೆ ಒಂದು ಉದ್ದು ಹಾಕುತ್ತಾರೆ, ಇನ್ನೊಬ್ಬರು ನಾಲ್ಕಕ್ಕೆ ಒಂದು, ಮತ್ತೊಬ್ಬರಿಗೆ ಅವಲಕ್ಕಿ ಬೇಕು. ಎಲ್ಲರಿಗೂ ಒಂದೇ ಹಿಟ್ಟು ಎಂದರೆ ಎಲ್ಲರ ಇಡ್ಲಿಯೂ ಒಂದೇ ಎಂದಾಯಿತು. ಅದಕ್ಕೆ ಒಪ್ಪುವ ಮಾಲೀಕ ಹುಟ್ಟಿಲ್ಲ. ಮೂರನೆಯದು: ಊರೊಳಗೆ ನೆಲೆ ನಿಲ್ಲುವ ಮೊದಲೇ ಸೋಲಾಪುರ ಹೆದ್ದಾರಿಯ ಹೋಟೆಲುಗಳಿಗೆ ಕೈ ಚಾಚಿದೆವು.

ನಾಲ್ಕನೆಯದನ್ನು ನಾನು ಬರೆದ ಹಾಗೆಯೇ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಅದು ಬಹಳ ಚೆನ್ನಾಗಿ ಕೇಳಿಸುತ್ತಿತ್ತು. “ಒಂದು ದಿನ ಘಟಕದಲ್ಲಾದ ಕಾರ್ಯವಿಧಾನದ ಲೋಪದಿಂದ ನಮ್ಮ ಅತಿ ದೊಡ್ಡ ಗಿರಾಕಿ ಕೈತಪ್ಪಿದರು. ಕಲಿತದ್ದು: ವ್ಯಕ್ತಿಗಳನ್ನು ನಂಬಬೇಡಿ, ವ್ಯವಸ್ಥೆ ಕಟ್ಟಿ.”

ಕೊನೆಯಲ್ಲಿ ನಮ್ಮಲ್ಲಿ ಕೆಲಸ ಮಾಡಿದ ಹದಿನಾಲ್ಕು ಜನರ ಹೆಸರು, ಯಾರಿಗೆ ಯಾವ ಕೆಲಸ ಬರುತ್ತದೆ ಎಂಬ ವಿವರ, ಫೋನ್ ನಂಬರು ಹಾಕಿದ್ದೆ. ಇಂಥವರು ಸಿಗುವುದು ಪುಣ್ಯ, ಕರೆದು ಕೆಲಸ ಕೊಡಿ ಎಂದು ಬರೆದಿದ್ದೆ. ಅದನ್ನು ಓದಿ ಜನ ಕಣ್ಣೊರೆಸಿಕೊಂಡರಂತೆ. ಎಷ್ಟು ಪ್ರಾಮಾಣಿಕ, ಯಾರ ಕಡೆಗೂ ಬೊಟ್ಟು ಮಾಡಿಲ್ಲ ಎಂದು ಗುರುತಿಲ್ಲದವರು ಹೊಗಳಿದರು. ಹೊಗಳಿಕೆ ಬಿಟ್ಟಿ ಸಿಕ್ಕಿದರೆ ಯಾರಿಗೆ ಬೇಡ? ನಾನು ಒಂದೊಂದಕ್ಕೂ ಉತ್ತರ ಬರೆಯುತ್ತ ಕೂತೆ.

ಬುಧವಾರ ಬೆಳಿಗ್ಗೆ ಶಿವಬಸವ್ವನ ಫೋನ್ ಬಂತು. ನಮ್ಮಲ್ಲಿ ಡಬ್ಬಿ ತುಂಬುವ ವಿಭಾಗ ನೋಡಿಕೊಳ್ಳುತ್ತಿದ್ದವರು, ಪಟ್ಟಿಯಲ್ಲಿ ಐದನೆಯ ಹೆಸರು.

“ಅಕ್ಕಾರ, ನಿಮ್ಮ ಪುಣ್ಯಾ. ಹಿಂಜವಡಿ ಕ್ಯಾಂಟೀನ್‌ನವ್ರು ಫೋನ್ ಮಾಡಿದ್ರಿ. ಸೋಮವಾರದಿಂದ ಬಾ ಅಂದಾರ. ನೀವು ಬರದದ್ದು ನೋಡಿನೇ ಕರದಾರಂತ.”

“ನಿಮ್ಮ ಕೈಗುಣ ಶಿವಬಸವ್ವಾ, ನನ್ನದೇನಿದೆ?” ಎಂದೆ. ಹಾಗೆ ಹೇಳುವಾಗ ಎದೆ ಉಬ್ಬಿತ್ತು, ಸುಳ್ಳೇಕೆ.

“ನಮ್ಮ ಸ್ನೇಹಲ್ ಎಲ್ಲಾ ಓದಿ ಹೇಳಿದ್ಲರಿ. ಹೆಸರೂ ಓದಿದ್ಲು.” ಸ್ನೇಹಲ್ ಆಕೆಯ ಮಗಳು, ಕಾಲೇಜಿಗೆ ಹೋಗುತ್ತಾಳೆ. ಆಮೇಲೆ ಆಕೆ ಕೇಳಿದರು: “ಮಾಂತುಂದು ಹೆಸರ ಯಾಕಿಲ್ಲರಿ ಅದರಾಗ? ಅಕಿ ಬಿಟ್ಟು ಓದಿದ್ಲೇನೋ ಅಂತ ಎರಡು ಸಲ ಓದ್ಸಿದೆ.”

“ಮಾಂತು ಮೊದಲೇ ಬಿಟ್ಟಿದ್ದರಲ್ಲ,” ಎಂದೆ.

“ಬಿಟ್ಟಿದ್ನೇನ್ರಿ?” ಎಂದರು ಶಿವಬಸವ್ವ. ಅಷ್ಟೇ. ಅದರಲ್ಲಿ ಕೊಂಕಿರಲಿಲ್ಲ, ನಿಜವಾಗಿ ಕೇಳಿದ್ದರು. “ಪಾಪ, ಪುಣೇದಾಗ ಎಲ್ಲೂ ಕೆಲಸ ಸಿಗಲಿಲ್ರಿ ಅವಗ. ದೌಂಡದಾಗ ಯಾವ್ದೋ ಕ್ಯಾಂಟೀನ್‌ದಾಗ ಭಾಂಡಿ ತಿಕ್ಕತಾನ. ಹೆಂಡ್ತಿ, ಚಿನ್ನು ಇಲ್ಲೇ ನರ್ಹೆದಾಗ ಅದಾರ. ಜೂನ್‌ದಾಗ ಸಾಲಿ ಬಿಡಿಸಿ ಅವರನ್ನೂ ಕರಕೊಂಡ ಹೋಗ್ತಾನಂತ.”

ಚಿನ್ನು ಮಾಂತುವಿನ ಮಗಳು, ನಾಲ್ಕನೆಯ ತರಗತಿ. ಫೋನ್ ಇಟ್ಟ ಮೇಲೆ ನನಗೆ ಹೊಗಳಿಕೆಗಳಿಗೆ ಉತ್ತರ ಬರೆಯಲು ಕೈ ಬರಲಿಲ್ಲ. ಏಕೆಂದರೆ ಮಾಂತು ಬಿಟ್ಟಿರಲಿಲ್ಲ. ನಾನೇ ತೆಗೆದಿದ್ದೆ.

ಮಾಂತು ಉತ್ತರ ಕರ್ನಾಟಕದ ಇಂಡಿ ಊರಿನ ಕಡೆಯವರು, ಜೋಳದ ರೊಟ್ಟಿ ತಿಂದು ಬೆಳೆದವರು. ಇಡ್ಲಿ ಹಿಟ್ಟು ಹುಟ್ಟುವಾಗಲೇ ಕಲಿತೆವು ಎಂದು ಮೆರೆಯುವ ನಮ್ಮ ಕರಾವಳಿಯ ಭಟ್ಟರು ಮೊದಲು ಅವರನ್ನು ಗೇಲಿ ಮಾಡಿದರು. ಆಮೇಲೆ ಅವರೇ ಬಂದು ಕೇಳತೊಡಗಿದರು. ಪುಣೆಯ ಚಳಿಗೆ ಹಿಟ್ಟು ಏಳುವುದಿಲ್ಲ, ಮೇ ತಿಂಗಳಲ್ಲಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಹುಳಿಯಾಗುತ್ತದೆ. ಯಾವ ದಿನ ಎಷ್ಟು ಗಂಟೆ ಎಂದು ಮಾಂತು ಬೆರಳದ್ದಿ ಮೂಸಿ ಹೇಳುತ್ತಿದ್ದರು, ನಾವು ಕೊಂಡ ಯಂತ್ರ ಆಮೇಲೆ ಅದನ್ನೇ ಹೇಳುತ್ತಿತ್ತು. ಘಟಕದ ಉಸ್ತುವಾರಿ ಅವರದೇ.

ಹೋದ ವರ್ಷದ ಮೇ ತಿಂಗಳು. ಹೆದ್ದಾರಿಯಲ್ಲಿ ಏಳು ಹೋಟೆಲು ಇರುವ ಮಾಲೀಕರೊಬ್ಬರು ಇಂದಾಪುರದ ಹೋಟೆಲಿಗೆ ಮೊದಲ ಆರ್ಡರ್ ಕೊಟ್ಟಿದ್ದರು. ಮರುದಿನ ಬೆಳಿಗ್ಗೆ ಅಲ್ಲಿ ಮದುವೆಯ ನಾಷ್ಟಾ. ಅದೇ ಮರುದಿನ ಹೂಡಿಕೆದಾರರು ನಮ್ಮಲ್ಲಿಗೆ ಬರುವವರಿದ್ದರು. ಮಧ್ಯಾಹ್ನ ನಮ್ಮ ಶೀತ ವ್ಯಾನಿನ ಕಂಪ್ರೆಸರ್ ಕೆಟ್ಟಿತು. ಮದುವೆಯ ಹಂಗಾಮು, ಬಾಡಿಗೆಗೆ ಬೇರೆ ಸಿಗಲಿಲ್ಲ. ನಾನು ತಾಡಪತ್ರಿ ಹೊದಿಸಿದ ಟೆಂಪೋದಲ್ಲಿ ಐಸ್ ಇಟ್ಟು ಕಳಿಸಿ ಎಂದೆ. ಮಾಂತು ಫೋನ್ ಮಾಡಿದರು.

“ಬ್ಯಾಡ್ರಿ ಅಕ್ಕಾರ. ಈ ಬಿಸಿಲಾಗ ಹಿಟ್ಟು ತಡಿಯಂಗಿಲ್ಲ. ನೆನಸಿದ ಅಕ್ಕಿ ಉದ್ದು ಕಳಸೂಣು, ಗ್ರೈಂಡರ್ ತಗೊಂಡು ನಾ ಹೋಗಿ ಅಲ್ಲೇ ರುಬ್ಬತೀನಿ. ಇಲ್ಲಾ ಅಂದ್ರ ಆಗಂಗಿಲ್ಲ ಅಂತ ಹೇಳಿಬಿಡ್ರಿ.”

“ಮಾಂತು, ಹಿಟ್ಟಿನ ಕಂಪನಿಯವರು ಅಕ್ಕಿ ಕಳಿಸಿದರೆ ನಗುತ್ತಾರೆ. ಕಳಿಸಿ. ನಾನು ಹೇಳುತ್ತಿದ್ದೇನಲ್ಲ?”

ಕಳಿಸಿದರು. ಟೆಂಪೋ ದಾರಿಯಲ್ಲಿ ಎರಡು ಗಂಟೆ ಸಿಕ್ಕಿಹಾಕಿಕೊಂಡಿತು. ಇಂದಾಪುರ ಮುಟ್ಟುವಾಗ ಡಬ್ಬಿಗಳ ಮುಚ್ಚಳ ಹಾರಿ ನೊರೆ ಹೊರಗೆ ಬಂದಿತ್ತು. ಬೆಳಿಗ್ಗೆ ಅವರು ಬೇರೆ ದಾರಿ ಕಾಣದೆ ಅದನ್ನೇ ಹುಯ್ದರು. ಇಡ್ಲಿ ಚಪ್ಪಟೆ, ಹುಳಿ, ನಾನೂರು ಜನರ ಪಂಕ್ತಿಯಲ್ಲಿ ಮಾನ ಹೋಯಿತು. ಉಕ್ಕಿದ ಡಬ್ಬಿಗಳ ವಿಡಿಯೋ ಬೆಳಿಗ್ಗೆ ಹತ್ತು ಗಂಟೆಗೆ ಮೊದಲೇ ಹೋಟೆಲಿನವರ ವಾಟ್ಸಾಪ್ ಗುಂಪಿಗೆ ಬಂತು. ಇನ್ನೂರ ಹನ್ನೆರಡು ಜನರ ಗುಂಪು, ಅಪ್ಪ ಅದರ ಹಿರಿಯರು.

ಹೂಡಿಕೆದಾರರು ಹನ್ನೊಂದಕ್ಕೆ ಬರುವವರು. ನಾನು ಹತ್ತೂಕಾಲಿಗೆ ಗುಂಪಿನಲ್ಲಿ ಬರೆದೆ: “ಘಟಕದ ಉಸ್ತುವಾರಿಯವರ ನಿರ್ಲಕ್ಷ್ಯದಿಂದ ಹೀಗಾಗಿದೆ. ಅವರನ್ನು ಕೆಲಸದಿಂದ ತೆಗೆದಿದ್ದೇವೆ. ದಯವಿಟ್ಟು ಕ್ಷಮಿಸಿ.”

ಆಗ ಮಾಂತು ಪಕ್ಕದ ಕೋಣೆಯಲ್ಲಿ ಉದ್ದು ತೊಳೆಯುತ್ತಿದ್ದರು. ತೆಗೆದೇ ಇರಲಿಲ್ಲ. ಬರೆದಾದ ಮೇಲೆ ಅದನ್ನು ನಿಜ ಮಾಡಬೇಕಾಯಿತು, ಸಂಜೆ ಕರೆದು ತೆಗೆದೆ. “ಸ್ವಲ್ಪ ದಿನ ಬಿಡುವು ಮಾಡಿಕೊಳ್ಳಿ ಮಾಂತು” ಎಂದೆ. ಅವರು ಏಪ್ರನ್ ಮಡಿಸಿ ಮೇಜಿನ ಮೇಲಿಟ್ಟು ಹೋದರು. ಕರೆಯುತ್ತೇನೆ ಎಂದುಕೊಂಡಿದ್ದೆ, ಕರೆಯಲಿಲ್ಲ. ಡಿಸೆಂಬರಿನಲ್ಲಿ ಕಂಪನಿಯೇ ಮುಚ್ಚಿತು. ಕರೆಯುವ ಪ್ರಶ್ನೆಯೂ ಮುಗಿಯಿತು ಎಂದು ನನಗೆ ಒಂದು ಬಗೆಯ ನೆಮ್ಮದಿಯಾದದ್ದು ಇವತ್ತು ನೆನೆದರೆ ನಾಚಿಕೆಯಾಗುತ್ತದೆ.

ಗುರುವಾರ ಬೆಳಗಿನ ರೈಲು ಹಿಡಿದು ದೌಂಡಕ್ಕೆ ಹೋದೆ. ಕ್ಯಾಂಟೀನು ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಮಾಂತು ಹಿಂದಿನ ನಲ್ಲಿಯ ಹತ್ತಿರ ಅವಲಕ್ಕಿ ಒಗ್ಗರಣೆಯ ಪಾತ್ರೆ ತೊಳೆಯುತ್ತಿದ್ದರು. ನನ್ನನ್ನು ಕಂಡದ್ದೇ ಕೈ ಒರೆಸಿಕೊಂಡು ಎದ್ದರು. ಬೈಯುತ್ತಾರೆ ಎಂದು ಸಿದ್ಧಳಾಗಿ ಹೋಗಿದ್ದೆ, ಅವರು ಚಹಾ ತರಿಸಿದರು.

“ಕಂಪನಿ ಬಂದ್ ಆತಂತ ಕೇಳಿದೆ. ಭಾಳ ಕೆಟ್ಟ ಅನಸ್ತ್ರಿ. ಗ್ರೈಂಡರ್ ಯಾರಿಗಿ ಕೊಟ್ರಿ?”

“ಮಾರಿದೆವು,” ಎಂದೆ. ನಂತರ ಕೇಳಿದೆ: “ಪುಣೆಯಲ್ಲಿ ಯಾಕೆ ಸಿಗಲಿಲ್ಲ ಮಾಂತು? ನಿಮ್ಮ ಕೈ ಯಾರಿಗೆ ಬೇಡ?”

ಅವರು ಚಹಾದ ಗ್ಲಾಸು ತಿರುಗಿಸಿದರು. “ಆರು ಹೋಟೆಲಿಗೆ ಹೋಗಿದ್ನಿರಿ. ಎಲ್ಲಾರೂ ಕೂಡಸಿ ಚಾ ಕೊಟ್ರು. ನೋಡೂಣು ಅಂದ್ರು. ಮನೋಹರ ಶೆಟ್ರು ಹಡಪಸರದಾಗ ಮೂರು ಹೋಟೆಲಿಗಿ ಕೂಡಿ ಒಂದೇ ದೊಡ್ಡ ಅಡಗಿಮನಿ ಮಾಡ್ಯಾರಲ್ರಿ, ಅಲ್ಲಿ ಹಿಟ್ಟಿನ ಕೆಲಸಕ್ಕ ಮಂದಿ ಬೇಕಿತ್ತು. ಅಲ್ಲೂ ನೋಡೂಣು ಅಂದ್ರು. ಇನ್ನೂ ಮಂದಿ ಸಿಕ್ಕಿಲ್ಲಂತ ಅವರಿಗಿ. ಆದ್ರೂ ನನ್ನ ಕರೀಲಿಲ್ಲ.” ಸ್ವಲ್ಪ ನಕ್ಕರು. “ಗುಂಪಿನಾಗ ನೀವು ಹಾಕಿದ್ದು ಎಲ್ಲಾರೂ ಓದ್ಯಾರ್ರಿ ಅಕ್ಕಾರ. ನನಗೂ ಒಬ್ರು ತೋರ್ಸಿದ್ರು.”

“ನೀವು ಹೇಳಬಹುದಿತ್ತಲ್ಲ, ಬೇಡ ಅಂದಿದ್ದು ನೀವೇ ಅಂತ.”

“ಮಾಲಕರ ಮಾತಿನ ಮ್ಯಾಲ ನಾ ಏನ್ ಹೇಳ್ಲಿರಿ? ಹೇಳಿದ್ರ, ಮಾಡಿದ್ದೂ ಅಲ್ಲದ ಸುಳ್ಳೂ ಹೇಳ್ತಾನ ಅಂತಿದ್ರು.”

ನಾನು ಕ್ಷಮೆ ಕೇಳಿದೆ. ಅವರು “ಇರ್ಲಿ ಬಿಡ್ರಿ” ಎಂದರು. ಅದು ಕ್ಷಮೆಯಲ್ಲ ಎಂದು ನನಗೆ ಗೊತ್ತಾಯಿತು. ಮನೆಗೆ ಬಂದವರನ್ನು ನೋಯಿಸಬಾರದೆಂದು ಆಡುವ ಮಾತು ಅದು.

ಮರಳುವ ರೈಲಿನಲ್ಲೇ ಪೋಸ್ಟನ್ನು ತಿದ್ದಿದೆ. ಲೋಪ ಗೀಪ ತೆಗೆದು, ಉಸ್ತುವಾರಿ ಬೇಡ ಎಂದದ್ದು, ನಾನು ಕಳಿಸಿದ್ದು, ತಪ್ಪನ್ನು ಅವರ ತಲೆಗೆ ಕಟ್ಟಿ ಕೆಲಸದಿಂದ ತೆಗೆದದ್ದು ಎಲ್ಲ ಬರೆದೆ. ಪಟ್ಟಿಯಲ್ಲಿ ಮೊದಲ ಹೆಸರು ಮಾಂತುವಿನದು ಮಾಡಿದೆ. ಹತ್ತು ನಿಮಿಷದಲ್ಲಿ ಒಬ್ಬರು ಬರೆದರು: ಎಂಥ ವಿನಯ, ನಾಯಕತ್ವ ಎಂದರೆ ಇದು. ಫೋನನ್ನು ಕಿಟಕಿಯಿಂದ ಎಸೆಯಬೇಕೆನಿಸಿತು. ಇಲ್ಲಿ ಏನು ಬರೆದರೂ ನನಗೆ ಲಾಭವೇ. ಇದನ್ನು ಓದುವವರಲ್ಲಿ ಹಿಟ್ಟು ರುಬ್ಬುವ ಕೆಲಸ ಕೊಡುವವರು ಒಬ್ಬರೂ ಇಲ್ಲ. ಕೊಡುವವರು ಆ ಇನ್ನೂರ ಹನ್ನೆರಡು ಜನ, ಅವರು ಓದುವುದು ಆ ಗುಂಪನ್ನು. ಅಲ್ಲಿ ನಾನು ಬರೀ ಶ್ರದ್ಧಾ ಅಲ್ಲ, ಸುಂದರಣ್ಣನ ಮಗಳು.

ಸ್ಟೇಷನ್ನಿನಿಂದ ಸೀದಾ ಹೋಟೆಲಿಗೆ ಹೋದೆ. ಮಧ್ಯಾಹ್ನದ ಊಟದ ಗದ್ದಲ ಇಳಿದಿತ್ತು. ಅಪ್ಪ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಸೋಂಪು ತಟ್ಟೆಗೆ ಸುರಿಯುತ್ತಿದ್ದರು. ನಿಂತಲ್ಲೇ ಎಲ್ಲ ಹೇಳಿದೆ. ಅವರು ಸೋಂಪಿನ ಡಬ್ಬಿ ಮುಚ್ಚಿದರು.

“ಆವತ್ ನಾ ನಿನ್ನ ಕೇಂಡಿದ್ದೆ. ಯಾರ್ ಮಾಡದ್ ಅಂದ್ರೆ ಅಂವ ಅಂದಿ.”

“ಹೌದು.”

“ನಾ ಹತ್ ಜನಕ್ಕೆ ಅದನ್ನೇ ಹೇಳ್ದೆ. ನಮ್ ಹೆಣ್ ಸುಳ್ ಹೇಳುದಿಲ್ಲ ಅಂದೆ.”

ಗುಂಪಿನಲ್ಲಿ ಬರೆಯುತ್ತೇನೆ ಎಂದೆ. ಅಪ್ಪ ಸೋಂಪಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

“ಗುಂಪಂಗೆ ಬ್ಯಾಡ ಹೆಣೆ. ಮನೋಹರಂಗೆ ನಾ ಒಂದ್ ಫೋನ್ ಮಾಡ್ತೆ. ಅಂವ ಆ ಜನನ್ನ ತಕಂತಾ. ಕೆಲ್ಸ ಆಯ್ತಲ್ದಾ?”

ಎಷ್ಟು ಸುಲಭವಾಗಿತ್ತು! ಅಪ್ಪನ ಒಂದು ಫೋನಿಗೆ ಹನ್ನೆರಡು ಹೋಟೆಲು ಹಿಟ್ಟು ಕೊಂಡಿದ್ದವು, ಈಗ ಒಂದು ಫೋನಿಗೆ ಒಂದು ಕೆಲಸವೂ ಸಿಗುತ್ತಿತ್ತು. ಹೂಂ ಎನ್ನುವ ಆಸೆ ನಾಲಿಗೆಯ ತುದಿಗೆ ಬಂತು. ಆದರೆ ಹಾಗೆ ಹೋದರೆ ಮಾಂತು ಅಲ್ಲಿ ಸುಂದರ ಶೆಟ್ಟರು ಕೇಳಿಕೊಂಡರೆಂದು ಇಟ್ಟುಕೊಂಡ, ಹಿಂದೊಮ್ಮೆ ಹಿಟ್ಟು ಕೆಡಿಸಿದ ಆಳಾಗಿ ಉಳಿಯುತ್ತಿದ್ದರು. ನಾಳೆ ಅಲ್ಲಿ ಒಂದು ಡಬ್ಬಿ ಉಕ್ಕಿದರೆ ಎಲ್ಲರೂ ಅವರ ಕಡೆಯೇ ತಿರುಗುತ್ತಿದ್ದರು.

“ಬೇಡ ಅಪ್ಪ,” ಎಂದೆ.

“ನಿಂಗ್ ಸಮಾಧಾನ ಆಪುಕೆ ನನ್ ಮರ್ಯಾದಿ ತೆಗಿತ್ಯಾ?”

ಅಪ್ಪ ನನಗೆ ಅಂಥ ಮಾತು ಎಂದೂ ಆಡಿದವರಲ್ಲ. ಅದರಲ್ಲಿ ಸುಳ್ಳೂ ಇರಲಿಲ್ಲ. ನನ್ನ ಸಮಾಧಾನ ಅದರಲ್ಲಿ ಎಷ್ಟಿದೆ, ಮಾಂತುವಿನ ನ್ಯಾಯ ಎಷ್ಟಿದೆ ಎಂದು ನನಗೇ ಬೇರ್ಪಡಿಸಲು ಬರಲಿಲ್ಲ. ಆದರೂ ಅಲ್ಲೇ, ಅವರ ಎದುರಿನ ಮೇಜಿನಲ್ಲಿ ಕೂತು, ಕನ್ನಡದಲ್ಲಿ ಟೈಪ್ ಮಾಡಿದೆ.

“ಎಲ್ಲರಿಗೂ ನಮಸ್ಕಾರ. ಹೋದ ಮೇ ತಿಂಗಳು ಇಂದಾಪುರದಲ್ಲಿ ಹಿಟ್ಟು ಕೆಟ್ಟದ್ದಕ್ಕೆ ಉಸ್ತುವಾರಿ ಮಾಂತು ಕಾರಣ ಎಂದು ನಾನು ಇಲ್ಲಿ ಬರೆದಿದ್ದೆ. ಅದು ಸುಳ್ಳು. ಶೀತ ವ್ಯಾನು ಇಲ್ಲದೆ ಕಳಿಸಬೇಡಿ ಎಂದು ಅವರು ಹೇಳಿದರು. ಕಳಿಸಿದ್ದು ನಾನು. ತೆಗೆದಿದ್ದೇವೆ ಎಂದು ಮೊದಲು ಬರೆದು ಆಮೇಲೆ ಅವರನ್ನು ತೆಗೆದೆ. ನನ್ನ ತಂದೆಗೂ ಸುಳ್ಳನ್ನೇ ಹೇಳಿದ್ದೆ, ಅವರಿಗೆ ನಿಜ ಗೊತ್ತಾದದ್ದು ಇವತ್ತು. ಹಿಟ್ಟಿನ ಕೆಲಸದಲ್ಲಿ ಮಾಂತುವಿಗಿಂತ ಒಳ್ಳೆಯವರನ್ನು ನಾನು ನೋಡಿಲ್ಲ.” ಕೆಳಗೆ ಅವರ ನಂಬರು.

ಕಳಿಸಿದೆ. ಗಲ್ಲಾಪೆಟ್ಟಿಗೆಯ ಮೇಲೆ ಅಪ್ಪನ ಫೋನು ಟಿಣ್ ಎಂದಿತು. ಅವರು ಓದಿ, ಕನ್ನಡಕ ತೆಗೆದಿಟ್ಟು ಒಳಗೆ ಹೋದರು. ಒಂದು ತಾಸಿನ ಮೇಲೆ ಗುಂಪಿನಲ್ಲಿ ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಇನ್ನೊಬ್ಬರು ಗ್ಯಾಸ್ ಸಿಲಿಂಡರು ತಡವಾಗಿದೆ ಎಂದು ಬರೆದರು. ಲೋಕ ಮುಂದೆ ಹೋಯಿತು.

ಮರುದಿನ ಬೆಳಿಗ್ಗೆ ಮನೋಹರ ಶೆಟ್ಟರ ಫೋನ್ ಬಂತು. ಅಪ್ಪನ ಊರಿನವರೇ, ನನ್ನನ್ನು ಎತ್ತಿ ಆಡಿಸಿದವರು.

“ಆ ಮಾಂತುನ್ನ ಸೋಮಾರ ಬಪ್ಪುಕೆ ಹೇಳ್ ಹೆಣೆ. ಜನ ಇಲ್ದೆ ಸಾಯ್ತಾ ಇದ್ದೆ.”

“ನಾನು ಬರೆದದ್ದನ್ನು ನಂಬಿದಿರಲ್ಲ ಮಾಮ, ದೊಡ್ಡ ಉಪಕಾರ” ಎಂದೆ.

“ನಂಬುದೆಂತ? ಅದ್ ಆವತ್ತೇ ಗೊತ್ತಿತ್ ನಮ್ಗೆ.”

“ಏನು ಗೊತ್ತಿತ್ತು?”

“ಮೂವತ್ ವರ್ಷ ಹಿಟ್ಟಂಗೇ ಕೈ ಹಾಕದ್ ನಾವ್. ಮೇ ತಿಂಗಳ ಬಿಸಿಲಂಗೆ ತಾಡಪತ್ರಿ ಗಾಡಿಯಂಗೆ ಹಿಟ್ ಕಳ್ಸುಕೆ ಆ ಜನ ಒಪ್ಪುದಿಲ್ಲ ಅಂದೇಳಿ ಗೊತ್ತಾಪುದಿಲ್ಯಾ? ಮಾಲಕ್ರೇ ಕಳ್ಸುಕೆ ಹೇಳದ್ ಅಂದೇಳಿ ಎಲ್ರಿಗೂ ಗೊತ್ತಿತ್.”

“ಮತ್ತೆ ಅವರನ್ನು ಯಾಕೆ ತೆಗೆದುಕೊಳ್ಳಲಿಲ್ಲ?”

ಮನೋಹರ ಮಾಮ ನನಗೆ ಬುದ್ಧಿಯಿಲ್ಲವೇನೋ ಎಂಬಂತೆ ನಿಧಾನವಾಗಿ ಹೇಳಿದರು. “ನೀ ಗುಂಪಂಗೆ ಬರ್ದ್ಯಲೆ ಮಾರಾಯ್ತಿ. ನಿನ್ ಅಪ್ಪಯ್ಯನೂ ಅದನ್ನೇ ಹೇಳ್ದ. ಆ ಜನನ್ನ ನಾ ತಕಂಡ್ರೆ ಸುಂದರನ ಮಗಳು ಸುಳ್ಳಿ ಅಂದೇಳಿ ನಾನೇ ಹೇಳ್ದ ಹಾಂಗ್ ಆಯ್ತಲ್ದಾ? ಯಾರ್ ಮಾಡ್ತ್ರ್ ಅದನ್ನ?”

ನಮ್ಮ ಹಿಟ್ಟನ್ನು ಕೊಂಡು ಕೆಲಸದವರಿಗೆ ಹಾಕಿದ್ದ ದಾಕ್ಷಿಣ್ಯವೇ ಇದು. ನನ್ನ ಕಂಪನಿಗೆ ಅದು ಹೇಗೆ ಮುಳುವಾಯಿತು ಎಂದು ನಾನು ತೊಂಬತ್ತು ಸಾವಿರ ಜನಕ್ಕೆ ಬರೆದಿದ್ದೆ, ಮೊದಲ ಪಾಠ ಎಂದು ಅಂಕಿ ಹಾಕಿ. ಅದೇ ದಾಕ್ಷಿಣ್ಯ ಒಬ್ಬ ಮನುಷ್ಯನನ್ನು ಹನ್ನೊಂದು ತಿಂಗಳು ಬೀದಿಗೆ ಹಾಕಿದ್ದು ನನಗೆ ಹೊಳೆದಿರಲೇ ಇಲ್ಲ.

ಮಾಂತುವಿಗೆ ಫೋನ್ ಮಾಡಿದೆ. ಸೋಮವಾರದಿಂದ ಹಡಪಸರ, ಚಿನ್ನುವಿನ ಶಾಲೆ ಬಿಡಿಸುವುದು ಬೇಡ ಎಂದೆ. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

“ನಿಮ್ಮದು ಓದಿ ನಂಬಿದ್ರೇನ್ರಿ ಶೆಟ್ರು?”

ಹೌದು ಎಂದುಬಿಡಬಹುದಿತ್ತು. ಅವರಿಗೂ ಹಿತವಾಗಿರುತ್ತಿತ್ತು, ನನಗೂ.

“ಇಲ್ಲ ಮಾಂತು. ಅವರಿಗೆ ಮೊದಲೇ ಗೊತ್ತಿತ್ತಂತೆ, ನಿಮ್ಮ ತಪ್ಪಲ್ಲ ಅಂತ. ಎಲ್ಲರಿಗೂ ಗೊತ್ತಿತ್ತಂತೆ. ನಾನು ಹೇಳಲಿ ಅಂತ ಕಾಯುತ್ತಿದ್ದರು.”

“ಎಲ್ಲಾರಿಗೂ?”

“ಎಲ್ಲರಿಗೂ.”

ನಲ್ಲಿ ನಿಲ್ಲಿಸಿದ ಸದ್ದಾಯಿತು. ಮಾಂತು ದನಿ ಏರಿಸಲಿಲ್ಲ.

“ಹಂಗಾದ್ರ ಅವತ್ತ ನೀವು ಒಂದ್ ಮಾತು ಹೇಳಿದ್ರ ಸಾಕಿತ್ತಲ್ರಿ, ಅಕ್ಕಾರ.”

“ಸಾಕಿತ್ತು ಮಾಂತು,” ಎಂದೆ.